ವಂಶವೃಕ್ಷದ ಕೋಷ್ಟಕದಲ್ಲಿ ತಲೆಮಾರನ್ನು ಎಣಿಸುವ ಬಗೆ

ಪ್ರಶ್ನೆ: ನಮ್ಮ ಮನೆತನದ ವಂಶವೃಕ್ಷವನ್ನು ಕಂಪ್ಯೂಟರಿನಲ್ಲಿ ಕೋಷ್ಟಕವಾಗಿ ಬರೆಯುತ್ತಿದ್ದೇನೆ. ತಲೆಮಾರು, ಸಂಬಂಧ, ಹುಟ್ಟಿದ ವರ್ಷ, ಮೂಲ ಊರು ಎಂದು ನಾಲ್ಕು ಕಾಲಂ ಮಾಡಿಕೊಂಡಿದ್ದೆ, ಅರ್ಧ ತುಂಬುವಷ್ಟರಲ್ಲಿ ಎಲ್ಲ ಗೋಜಲಾಯಿತು. ಮುತ್ತಜ್ಜ ತಮ್ಮ ಮಗಳ ಮಗನನ್ನೇ ದತ್ತು ತೆಗೆದುಕೊಂಡಿದ್ದರು, ಅವರೇ ನಮ್ಮ ಅಜ್ಜ. ಚಿಕ್ಕಪ್ಪ ತಮ್ಮ ಅಕ್ಕನ ಮಗಳನ್ನು ಮದುವೆಯಾಗಿದ್ದಾರೆ. ಅವರ ಮಕ್ಕಳು ಒಂದು ಲೆಕ್ಕದಲ್ಲಿ ನಾಲ್ಕನೇ ತಲೆಮಾರು, ಇನ್ನೊಂದರಲ್ಲಿ ಐದನೆಯದು. ಅಜ್ಜಿಯ ಜಾತಕದಲ್ಲಿ ‘ಪ್ರಮಾಥಿ ಸಂವತ್ಸರ, ಮಾಘ ಮಾಸ’ ಎಂದಿದೆಯೇ ಹೊರತು ಇಸವಿ ಇಲ್ಲ. ಮೂಲ ಊರು ಎಂದರೆ ಹುಟ್ಟಿದ ಊರೋ, ಹಿರಿಯರ ಊರೋ ಎಂಬುದೂ ತಿಳಿಯುತ್ತಿಲ್ಲ. ಹೇಗೆ ಬರೆಯಬೇಕು?

ಉತ್ತರ: ನೀವು ಮಾಡಿಕೊಂಡ ನಾಲ್ಕು ಕಾಲಂಗಳಲ್ಲಿ ಮೊದಲ ಎರಡು, ಅಂದರೆ ತಲೆಮಾರು ಮತ್ತು ಸಂಬಂಧ, ಮೂಲ ಮಾಹಿತಿಗಳೇ ಅಲ್ಲ; ಅವು ಬೇರೆ ಮಾಹಿತಿಯಿಂದ ಲೆಕ್ಕ ಹಾಕಿ ಪಡೆಯಬೇಕಾದವು. ಇಂಥವರ ತಂದೆ ಯಾರು, ತಾಯಿ ಯಾರು, ದತ್ತು ಹೋಗಿದ್ದರೆ ಯಾರಿಗೆ ಹೋದರು ಎಂಬ ಮೂರು ಸಂಗತಿಗಳು ಗೊತ್ತಿದ್ದರೆ ತಲೆಮಾರೂ ಸಂಬಂಧವೂ ತಾವಾಗಿ ಹೊರಬೀಳುತ್ತವೆ. ಈ ಮೂರನ್ನು ಬರೆಯದೆ ನೇರವಾಗಿ ‘ಮೂರನೇ ತಲೆಮಾರು, ದೊಡ್ಡಜ್ಜ’ ಎಂದು ತುಂಬುತ್ತಾ ಹೋದರೆ ಮೊದಲ ದತ್ತು ಅಥವಾ ಮೊದಲ ಸೋದರಸಂಬಂಧದ ಮದುವೆ ಬಂದಲ್ಲೇ ಲೆಕ್ಕ ಮುರಿಯುತ್ತದೆ. ನಿಮ್ಮಲ್ಲಿ ಎರಡೂ ಬಂದಿವೆ.

ಆದ್ದರಿಂದ ಮೊದಲು ಪ್ರತಿಯೊಬ್ಬರಿಗೂ ಒಂದೊಂದು ಕ್ರಮಸಂಖ್ಯೆ ಕೊಡಿ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ವಾಡಿಕೆ ಇರುವುದರಿಂದ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಇನ್ನೊಂದರಲ್ಲಿ ಮತ್ತೆ ಮತ್ತೆ ಬರುತ್ತದೆ, ಹೆಸರನ್ನು ನೆಚ್ಚಿಕೊಂಡರೆ ಅಜ್ಜನ ಮಕ್ಕಳು ಮೊಮ್ಮಗನ ಲೆಕ್ಕಕ್ಕೆ ಸೇರಿಹೋಗುತ್ತಾರೆ. ಕ್ರಮಸಂಖ್ಯೆಯನ್ನು ಒಮ್ಮೆ ಕೊಟ್ಟ ಮೇಲೆ ಬದಲಿಸಬಾರದು, ಹೊಸಬರು ಸಿಕ್ಕಾಗ ಮುಂದಿನ ಸಂಖ್ಯೆ ಕೊಟ್ಟರಾಯಿತು. ನಂತರ ‘ಸಂಬಂಧ’ ಎಂಬ ಒಂದೇ ಕಾಲಮಿನ ಜಾಗದಲ್ಲಿ ‘ತಂದೆಯ ಕ್ರಮ’, ‘ತಾಯಿಯ ಕ್ರಮ’, ‘ದತ್ತು ಪಡೆದವರ ಕ್ರಮ’ ಎಂಬ ಮೂರು ಕಾಲಂಗಳನ್ನು ಮಾಡಿ. ಚಿಕ್ಕಪ್ಪ, ದೊಡ್ಡಮ್ಮ ಎಂಬ ಮಾತುಗಳು ಬೇಕೇ ಬೇಕು ಎನಿಸಿದರೆ ಕೊನೆಯಲ್ಲಿ ಒಂದು ಕಾಲಂ ಇಟ್ಟು, ಅದರ ತಲೆಬರಹದಲ್ಲಿ ‘ನನಗೆ ಏನಾಗಬೇಕು’ ಎಂದು ಬರೆದು, ಆ ‘ನಾನು’ ಯಾರೆಂಬುದನ್ನೂ ಹೆಸರು ಸಹಿತ ನಮೂದಿಸಿ. ನಾಳೆ ನಿಮ್ಮ ಮಗಳು ಇದೇ ಕೋಷ್ಟಕವನ್ನು ತೆರೆದಾಗ ನಿಮ್ಮ ಚಿಕ್ಕಪ್ಪ ಅವಳಿಗೆ ಚಿಕ್ಕ ತಾತ. ಆ ಕಾಲಂ ಅವಳಿಗೆ ಉಪಯೋಗಕ್ಕೆ ಬರುವುದಿಲ್ಲ, ಉಳಿದ ಮೂರು ಬರುತ್ತವೆ.

ದತ್ತಿನ ವಿಷಯವನ್ನು ಬಿಡಿಸಿ ಹೇಳಲು ಎಲ್ಲರಿಗೂ ಪರಿಚಿತವಾದ ಒಂದು ಮನೆತನವನ್ನು ತೆಗೆದುಕೊಳ್ಳುತ್ತೇನೆ. ಮೈಸೂರಿನ ಒಡೆಯರ ವಂಶದ ಕೊನೆಯ ಭಾಗದಲ್ಲಿ ನಿಮ್ಮ ಮನೆಯಲ್ಲಿ ಆದಂಥದೇ ದತ್ತು ನಡೆದಿದೆ, ಅದೂ ಎರಡು ಸಲ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡ ಚಾಮರಾಜೇಂದ್ರರು ಹುಟ್ಟಿನಿಂದ ಬೆಟ್ಟದಕೋಟೆ ಅರಸು ಮನೆತನದವರು, ಮುಮ್ಮಡಿಯವರ ಮಗಳ ಮಗ. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ತೀರಿಕೊಂಡ ಮೇಲೆ 2015ರಲ್ಲಿ ಪ್ರಮೋದಾದೇವಿ ಒಡೆಯರ್ ಅವರು ದತ್ತು ಪಡೆದ ಯದುವೀರರು ಶ್ರೀಕಂಠದತ್ತರ ಅಕ್ಕ ಗಾಯತ್ರಿದೇವಿಯವರ ಮಗಳ ಮಗ. ಇದನ್ನು ಕೋಷ್ಟಕವಾಗಿ ಬರೆದರೆ ಹೀಗಾಗುತ್ತದೆ. ಜಾಗ ಉಳಿಸಲು ತಂದೆ ಮತ್ತು ತಾಯಿಯ ಕಾಲಂಗಳನ್ನು ಒಂದು ಮಾಡಿ, ಈ ವಂಶದ ಕಡೆಯವರ ಸಂಖ್ಯೆಯನ್ನಷ್ಟೇ ಕೊಟ್ಟಿದ್ದೇನೆ, ಮದುವೆಯಾಗಿ ಬಂದವರ ಸಾಲುಗಳನ್ನೂ ಬಿಟ್ಟಿದ್ದೇನೆ.

| ಕ್ರಮ | ಹೆಸರು | ಹೆತ್ತವರ ಕ್ರಮ | ದತ್ತು ಪಡೆದವರ ಕ್ರಮ | ಹುಟ್ಟಿನ ತಲೆಮಾರು | ದತ್ತಿನ ತಲೆಮಾರು | ಹುಟ್ಟಿದ ವರ್ಷ | ಹುಟ್ಟಿದ ಊರು |
|---|---|---|---|---|---|---|---|
| 1 | ಮುಮ್ಮಡಿ ಕೃಷ್ಣರಾಜ | – | – | 1 | 1 | 1794 | ಶ್ರೀರಂಗಪಟ್ಟಣ |
| 2 | (1ರ ಮಗಳು) | 1 | – | 2 | 2 | – | – |
| 3 | ಚಾಮರಾಜೇಂದ್ರ | 2 | 1 | 3 | 2 | 1863 | ಮೈಸೂರು |
| 4 | ನಾಲ್ವಡಿ ಕೃಷ್ಣರಾಜ | 3 | – | 4 | 3 | 1884 | ಮೈಸೂರು |
| 5 | ಕಂಠೀರವ ನರಸಿಂಹರಾಜ | 3 | – | 4 | 3 | 1888 | ಮೈಸೂರು |
| 6 | ಜಯಚಾಮರಾಜೇಂದ್ರ | 5 | – | 5 | 4 | 1919 | ಮೈಸೂರು |
| 7 | ಗಾಯತ್ರಿದೇವಿ | 6 | – | 6 | 5 | – | – |
| 8 | ಶ್ರೀಕಂಠದತ್ತ ನರಸಿಂಹರಾಜ | 6 | – | 6 | 5 | 1953 | ಮೈಸೂರು |
| 9 | (7ರ ಮಗಳು) | 7 | – | 7 | 6 | – | – |
| 10 | ಯದುವೀರ ಕೃಷ್ಣದತ್ತ ಚಾಮರಾಜ | 9 | 8 | 8 | 6 | 1992 | ಬೆಂಗಳೂರು |

ಕೊನೆಯ ಸಾಲನ್ನು ನೋಡಿ. ಹುಟ್ಟಿನ ಲೆಕ್ಕದಲ್ಲಿ ಯದುವೀರರು ಮುಮ್ಮಡಿಯವರಿಂದ ಎಂಟನೇ ತಲೆಮಾರು, ದತ್ತಿನ ಲೆಕ್ಕದಲ್ಲಿ ಆರನೆಯದು. ಮಗಳ ಮಗನನ್ನು ಮಗನಾಗಿ ಪಡೆದಾಗ ಒಂದು ತಲೆಮಾರು ಮೇಲೇರುತ್ತದೆ. ಅಕ್ಕನ ಮಗಳ ಮಗನನ್ನು ಪಡೆದಾಗಲೂ ಒಂದು ಮೇಲೇರುತ್ತದೆ. ಎರಡೂ ಕೂಡಿ ಎರಡರ ವ್ಯತ್ಯಾಸ. ಎರಡು ಅಂಕಿಗಳೂ ಸರಿ, ಆದರೆ ಒಂದೇ ಕಾಲಮಿನಲ್ಲಿ ಒಬ್ಬರಿಗೆ ಒಂದು ಲೆಕ್ಕ, ಇನ್ನೊಬ್ಬರಿಗೆ ಇನ್ನೊಂದು ಲೆಕ್ಕ ಹಿಡಿದರೆ ಮಾತ್ರ ತಪ್ಪು. ನೀವು ಈಗ ಸಿಕ್ಕಿಕೊಂಡಿರುವುದು ಅಲ್ಲೇ ಎಂದು ನನ್ನ ಊಹೆ: ಅಜ್ಜನನ್ನು ದತ್ತಿನ ಲೆಕ್ಕದಲ್ಲಿ ಎರಡನೇ ತಲೆಮಾರಿಗೆ ಹಾಕಿ, ಅಜ್ಜನ ಒಡಹುಟ್ಟಿದವರನ್ನು ಹುಟ್ಟಿನ ಲೆಕ್ಕದಲ್ಲಿ ಮೂರಕ್ಕೆ ಹಾಕಿದರೆ ಅಣ್ಣತಮ್ಮಂದಿರು ಬೇರೆ ಬೇರೆ ತಲೆಮಾರಿನವರಾಗಿ ಕಾಣುತ್ತಾರೆ, ನೋಡಿದವರಿಗೆ ದಿಕ್ಕು ತೋಚುವುದಿಲ್ಲ.

ಎರಡನೇ ಮತ್ತು ಒಂಬತ್ತನೇ ಸಾಲುಗಳಿಗೆ ಹೆಸರನ್ನು ಬೇಕೆಂದೇ ಬರೆದಿಲ್ಲ. ಹೆಸರಿಲ್ಲದಿದ್ದರೂ ಸಾಲು ಇರಲೇಬೇಕು ಎಂಬುದನ್ನು ತೋರಿಸುವುದು ನನ್ನ ಉದ್ದೇಶ. ಹಳೆಯ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳನ್ನು ಬರೆಯುತ್ತಿರಲಿಲ್ಲ, ಬರೆದರೂ ‘ಇಬ್ಬರು ಹೆಣ್ಣುಮಕ್ಕಳು’ ಎಂದು ಮುಗಿಸುತ್ತಿದ್ದರು. ಈ ಕೋಷ್ಟಕದಿಂದ 2, 7, 9ನೇ ಸಾಲುಗಳನ್ನು ತೆಗೆದುಬಿಟ್ಟರೆ ಚಾಮರಾಜೇಂದ್ರರೂ ಯದುವೀರರೂ ಹೊರಗಿನಿಂದ ಬಂದವರಂತೆ ಕಾಣುತ್ತಾರೆ. ಸಾಲುಗಳನ್ನು ಸೇರಿಸಿದರೆ ರಕ್ತಸಂಬಂಧ ಎಲ್ಲಿಯೂ ಕಡಿದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ನಿಮ್ಮ ಮುತ್ತಜ್ಜನ ಮಗಳು, ಅಂದರೆ ಅಜ್ಜನ ಹೆತ್ತ ತಾಯಿ, ಕೋಷ್ಟಕದಲ್ಲಿ ಇದ್ದಾರೆಯೇ ಎಂದು ನೋಡಿಕೊಳ್ಳಿ. ಅವರ ಹೆಸರು ಯಾರಿಗೂ ನೆನಪಿಲ್ಲದಿದ್ದರೂ ಒಂದು ಕ್ರಮಸಂಖ್ಯೆ ಕೊಟ್ಟು ಕೂರಿಸಿ.

ದೊರೆಗಳ ಪಟ್ಟಿಯನ್ನೇ ತಲೆಮಾರು ಎಂದುಕೊಳ್ಳುವ ತಪ್ಪು ಬಹಳ ಕಡೆ ಕಾಣುತ್ತದೆ, ಮನೆಗಳಲ್ಲಿ ಅದು ಯಜಮಾನಿಕೆಯ ಪಟ್ಟಿಯ ರೂಪದಲ್ಲಿ ಬರುತ್ತದೆ. 1940ರಲ್ಲಿ ನಾಲ್ವಡಿಯವರ ನಂತರ ಪಟ್ಟಕ್ಕೆ ಬಂದವರು ಅವರ ತಮ್ಮನ ಮಗ ಜಯಚಾಮರಾಜೇಂದ್ರರು. ತಮ್ಮನ ಮಗ ಕೆಳಗಿನ ತಲೆಮಾರಿನವನೇ ಆದ್ದರಿಂದ ಇಲ್ಲಿ ಎಣಿಕೆ ಕೆಡಲಿಲ್ಲ. ತಮ್ಮನೇ ಪಟ್ಟಕ್ಕೆ ಬಂದಿದ್ದರೆ ಪಟ್ಟಿಯಲ್ಲಿ ಒಂದು ಸ್ಥಾನ ಹೆಚ್ಚಾಗುತ್ತಿತ್ತು, ತಲೆಮಾರು ಹೆಚ್ಚಾಗುತ್ತಿರಲಿಲ್ಲ. ನಿಮ್ಮ ಮನೆಯ ಹಳೆಯ ಕಾಗದಗಳಲ್ಲಿ ಜಮೀನಿನ ಖಾತೆ ಯಾರಿಂದ ಯಾರಿಗೆ ಬಂತು ಎಂಬ ಕ್ರಮ ಸಿಕ್ಕರೆ ಅದನ್ನು ತಲೆಮಾರಿನ ಕ್ರಮವೆಂದು ನಂಬಬೇಡಿ. ಅಣ್ಣನಿಂದ ತಮ್ಮನಿಗೆ, ಗಂಡನಿಂದ ಹೆಂಡತಿಗೆ ಖಾತೆ ಬದಲಾಗುವುದು ಸಾಮಾನ್ಯ.

ಎರಡು ಲೆಕ್ಕಗಳಲ್ಲಿ ಯಾವುದನ್ನು ಮುಖ್ಯವಾಗಿ ಇಟ್ಟುಕೊಳ್ಳಬೇಕು? ನನ್ನ ಅಭಿಪ್ರಾಯದಲ್ಲಿ ಹುಟ್ಟಿನ ಲೆಕ್ಕ ಮುಖ್ಯ ಕಾಲಂ ಆಗಬೇಕು, ದತ್ತಿನ ಲೆಕ್ಕ ಅದರ ಪಕ್ಕದ ಕಾಲಂ ಆಗಬೇಕು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ ಪ್ರಕಾರ ದತ್ತು ಹೋದ ದಿನದಿಂದ ಮಗುವಿನ ಸಂಬಂಧಗಳೆಲ್ಲ ದತ್ತು ಮನೆಗೆ ಸೇರುತ್ತವೆ ಎಂಬುದು ನಿಜವೇ. ಆದರೆ ಹುಟ್ಟಿದ ಮನೆಯಲ್ಲಿ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ದತ್ತಿನ ನಂತರವೂ ಆಗುವಂತಿಲ್ಲ ಎಂದು ಅದೇ ಕಾಯಿದೆ ಹೇಳುತ್ತದೆ. ಅಂದರೆ ಕಾನೂನು ಕೂಡ ಹುಟ್ಟಿನ ಕೊಂಡಿಯನ್ನು ಮರೆಯುವುದಿಲ್ಲ. ಶ್ರಾದ್ಧ, ಗೋತ್ರ, ಮನೆದೇವರು ಮೊದಲಾದ ವಿಷಯಗಳಿಗೆ ಕೋಷ್ಟಕವನ್ನು ಬಳಸುವವರಿಗೆ ದತ್ತಿನ ಕಾಲಂ ಬೇಕಾಗುತ್ತದೆ, ಆದ್ದರಿಂದ ಅದನ್ನೂ ಬಿಡಬೇಡಿ.

ಇನ್ನು ಚಿಕ್ಕಪ್ಪನ ಮಕ್ಕಳ ಪ್ರಶ್ನೆ. ದತ್ತಿನ ಲೆಕ್ಕವನ್ನೇ ಹಿಡಿದು ನೋಡೋಣ. ಮುತ್ತಜ್ಜ 1, ಅಜ್ಜ 2, ಚಿಕ್ಕಪ್ಪನೂ ಅವರ ಅಕ್ಕನೂ 3, ಅಕ್ಕನ ಮಗಳು 4. ಚಿಕ್ಕಪ್ಪ ಅವಳನ್ನು ಮದುವೆಯಾದಾಗ ಮಕ್ಕಳು ತಂದೆಯ ಕಡೆಯಿಂದ 4, ತಾಯಿಯ ಕಡೆಯಿಂದ 5. ಇಲ್ಲಿಯೂ ಎರಡೂ ಸರಿಯೇ, ಏಕೆಂದರೆ ಆ ಮಕ್ಕಳಿಂದ ಮುತ್ತಜ್ಜನವರೆಗೆ ಎರಡು ದಾರಿಗಳಿವೆ, ಒಂದು ಇನ್ನೊಂದಕ್ಕಿಂತ ಒಂದು ಮೆಟ್ಟಿಲು ಉದ್ದ. ಮರದಂತೆ ಚಿತ್ರ ಬರೆಯುವವರಿಗೆ ಇದು ದೊಡ್ಡ ತಲೆನೋವು, ಏಕೆಂದರೆ ಕೊಂಬೆಗಳು ಮತ್ತೆ ಬಂದು ಕೂಡಿಕೊಳ್ಳುವ ಮರವನ್ನು ಬರೆಯಲು ಬರುವುದಿಲ್ಲ, ಒಬ್ಬಳೇ ಹೆಣ್ಣುಮಗಳನ್ನು ಎರಡು ಕಡೆ ಬರೆಯಬೇಕಾಗುತ್ತದೆ. ಕೋಷ್ಟಕದಲ್ಲಿ ಆ ತೊಂದರೆ ಇಲ್ಲ: ಅಕ್ಕನ ಮಗಳಿಗೆ ಒಂದೇ ಸಾಲು, ಒಂದೇ ಕ್ರಮಸಂಖ್ಯೆ, ಅವಳು ಮಗಳಾಗಿಯೂ ಸೊಸೆಯಾಗಿಯೂ ಇರುವುದು ಹೆತ್ತವರ ಕಾಲಮಿನಿಂದಲೂ ಮಕ್ಕಳ ಸಾಲಿನಿಂದಲೂ ಗೊತ್ತಾಗುತ್ತದೆ. ತಲೆಮಾರಿನ ಅಂಕಿಗೆ ಮಾತ್ರ ಒಂದು ನಿಯಮವನ್ನು ಮೊದಲೇ ಗೊತ್ತುಮಾಡಿಕೊಂಡು ಕೋಷ್ಟಕದ ಮೇಲೆ ಬರೆದಿಡಿ. ನಾನು ಬಳಸುವ ನಿಯಮ ಹೀಗಿದೆ: ತಂದೆ ಈ ವಂಶದಲ್ಲೇ ಹುಟ್ಟಿದವರಾದರೆ ತಂದೆಯ ತಲೆಮಾರಿಗೆ ಒಂದು ಕೂಡಿಸಬೇಕು; ತಂದೆ ಹೊರಗಿನವರಾಗಿದ್ದು ತಾಯಿ ಈ ವಂಶದವರಾದರೆ ತಾಯಿಯ ತಲೆಮಾರಿಗೆ ಒಂದು ಕೂಡಿಸಬೇಕು; ಮದುವೆಯಾಗಿ ಬಂದವರಿಗೆ ತಲೆಮಾರಿನ ಅಂಕಿ ಕೊಡಬಾರದು. ತಂದೆಯನ್ನೇ ಮೊದಲು ನೋಡುವುದಕ್ಕೆ ವಿಶೇಷ ಕಾರಣವೇನಿಲ್ಲ. ತಾಯಿಯನ್ನು ಮೊದಲು ನೋಡಿದರೂ ನಡೆಯುತ್ತದೆ, ನಡುವೆ ಬದಲಿಸಬಾರದು ಅಷ್ಟೇ.

ಈ ನಿಯಮವನ್ನು ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ಗೆ ಹೇಳಿಕೊಟ್ಟರೆ ಅಂಕಿಗಳನ್ನು ಕೈಯಿಂದ ತುಂಬಬೇಕಾಗಿಲ್ಲ. A ಕಾಲಮಿನಲ್ಲಿ ಕ್ರಮ, B ಯಲ್ಲಿ ಹೆಸರು, C ಯಲ್ಲಿ ತಂದೆಯ ಕ್ರಮ, D ಯಲ್ಲಿ ತಾಯಿಯ ಕ್ರಮ, E ಯಲ್ಲಿ ತಲೆಮಾರು ಇರಲಿ. ಎರಡನೇ ಸಾಲಿನಲ್ಲಿ ಮೂಲಪುರುಷರನ್ನು ಬರೆದು E2 ರಲ್ಲಿ 1 ಎಂದು ಕೈಯಿಂದ ಹಾಕಿ, E3 ರಲ್ಲಿ ಈ ಸೂತ್ರವನ್ನು ಬರೆದು ಕೆಳಗಿನ ಎಲ್ಲ ಸಾಲುಗಳಿಗೂ ಎಳೆಯಿರಿ.

```
=IFERROR(VLOOKUP(C3,A$2:E2,5,FALSE)+1,IFERROR(VLOOKUP(D3,A$2:E2,5,FALSE)+1,""))
```

ಇದು ತನಗಿಂತ ಮೇಲಿರುವ ಸಾಲುಗಳಲ್ಲಿ ತಂದೆಯನ್ನು ಹುಡುಕುತ್ತದೆ, ತಂದೆ ಸಿಗದಿದ್ದರೆ ಅಥವಾ ತಂದೆಗೆ ತಲೆಮಾರಿನ ಅಂಕಿ ಇಲ್ಲದಿದ್ದರೆ ತಾಯಿಯನ್ನು ಹುಡುಕುತ್ತದೆ, ಇಬ್ಬರೂ ಸಿಗದಿದ್ದರೆ ಖಾಲಿ ಬಿಡುತ್ತದೆ. ಸೊಸೆಯಂದಿರ ಮತ್ತು ಅಳಿಯಂದಿರ ಸಾಲುಗಳು ಖಾಲಿ ಉಳಿಯುವುದು ಹೀಗೆ, ಅದು ಸರಿಯೇ. ಆ ಸಾಲುಗಳಲ್ಲಿಯೂ ಸೂತ್ರ ಇರಬೇಕು, ಅಳಿಸಿಹಾಕಬಾರದು. ಸೂತ್ರಕ್ಕೆ ಒಂದು ಮಿತಿಯಿದೆ: ಹೆತ್ತವರ ಸಾಲು ಮಕ್ಕಳ ಸಾಲಿಗಿಂತ ಮೇಲೆಯೇ ಇರಬೇಕು. ನಡುವೆ ಅಕಾರಾದಿಯಾಗಿಯೋ ಊರಿನ ಪ್ರಕಾರವೋ ಸಾಲುಗಳನ್ನು ಹೊಂದಿಸಿದರೆ ಅಂಕಿಗಳೆಲ್ಲ ಅಸ್ತವ್ಯಸ್ತವಾಗುತ್ತವೆ. ಆದ್ದರಿಂದ ಹಾಗೆ ಹೊಂದಿಸಬೇಕೆಂದಿದ್ದರೆ ಮೊದಲು ಹಾಳೆಯ ಇನ್ನೊಂದು ಪ್ರತಿಯನ್ನು ಮಾಡಿ, ಅದರಲ್ಲಿ ಸೂತ್ರಗಳ ಬದಲು ಬರೀ ಅಂಕಿಗಳನ್ನು ಇಟ್ಟುಕೊಳ್ಳಿ. ಹೆತ್ತವರು ಗೊತ್ತಿದ್ದೂ ಒಬ್ಬರ ತಲೆಮಾರು ಖಾಲಿ ಬಂದರೆ, ಬಹುಮಟ್ಟಿಗೆ ತಂದೆಯ ಸಾಲು ಕೆಳಗೆ ಉಳಿದಿದೆ ಅಥವಾ ಕ್ರಮಸಂಖ್ಯೆಯನ್ನು ಒಂದು ಕಡೆ ಅಂಕಿಯಾಗಿ, ಇನ್ನೊಂದು ಕಡೆ ಅಕ್ಷರವಾಗಿ ಟೈಪ್ ಮಾಡಲಾಗಿದೆ.

ಅಜ್ಜಿಯ ಜಾತಕದ ಇಸವಿ ಕಷ್ಟದ ವಿಷಯವಲ್ಲ. ನಮ್ಮ ಪಂಚಾಂಗದ 60 ಸಂವತ್ಸರಗಳಲ್ಲಿ ಪ್ರಭವ ಮೊದಲನೆಯದು, ಇತ್ತೀಚಿನ ಪ್ರಭವ 1987ರ ಯುಗಾದಿಯಿಂದ ಆರಂಭವಾಯಿತು, ಅದರ ಹಿಂದಿನದು 1927ರಲ್ಲಿ, ಇನ್ನೂ ಹಿಂದಿನದು 1867ರಲ್ಲಿ. ಪ್ರಮಾಥಿ ಹದಿಮೂರನೆಯದು. ಪ್ರಭವದ ಇಸವಿಗೆ 12 ಕೂಡಿಸಿದರೆ 1879, 1939, 1999 ಎಂಬ ಮೂರು ಇಸವಿಗಳು ಸಿಗುತ್ತವೆ. ನಿಮ್ಮ ಅಜ್ಜಿಗೆ ನಡುವಿನದು ಮಾತ್ರ ಹೊಂದುತ್ತದೆ. ಆದರೆ ಕೋಷ್ಟಕದಲ್ಲಿ 1939 ಎಂದು ಬರೆದರೆ ತಪ್ಪಾಗುತ್ತದೆ. ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಇಸವಿ ಜನವರಿಗೆ ಬದಲಾಗುತ್ತದೆ. ಮಾಘ ಮಾಸ ಬರುವ ಹೊತ್ತಿಗೆ ಹೊಸ ಇಸವಿ ಆರಂಭವಾಗಿರುತ್ತದೆ. ಆದ್ದರಿಂದ ಪ್ರಮಾಥಿಯ ಮಾಘದಲ್ಲಿ ಹುಟ್ಟಿದವರ ವರ್ಷ 1940. ಚೈತ್ರದಿಂದ ಕಾರ್ತಿಕದವರೆಗೆ ಹುಟ್ಟಿದವರಿಗೆ ಮೊದಲ ಇಸವಿ, ಮಾಘ ಮತ್ತು ಫಾಲ್ಗುಣದಲ್ಲಿ ಹುಟ್ಟಿದವರಿಗೆ ಮುಂದಿನ ಇಸವಿ ಎಂದು ಧೈರ್ಯವಾಗಿ ಬರೆಯಬಹುದು. ಮಾರ್ಗಶಿರ ಮತ್ತು ಪುಷ್ಯ ಮಾಸಗಳು ಡಿಸೆಂಬರ್ ಜನವರಿಗಳ ಆಸುಪಾಸಿನಲ್ಲಿ ಬರುವುದರಿಂದ ತಿಥಿಯನ್ನೂ ನೋಡಿ ಆ ವರ್ಷದ ಪಂಚಾಂಗದೊಡನೆ ತಾಳೆ ಹಾಕಬೇಕಾಗುತ್ತದೆ. ಜಾತಕದಲ್ಲಿ ವಾರವೂ ಇದ್ದರೆ ಇನ್ನೂ ಒಳ್ಳೆಯದು, ತಿಥಿ ಮತ್ತು ವಾರ ಎರಡೂ ಕೂಡಿಬಂದರೆ 60 ವರ್ಷ ಹಿಂದು ಮುಂದಾಗುವ ಭಯ ಇರುವುದಿಲ್ಲ.

ಜಾತಕ ಇಲ್ಲದವರ ವಿಷಯದಲ್ಲಿ ಶಾಲೆಯ ದಾಖಲೆಯೊಂದನ್ನೇ ನಂಬಬೇಡಿ. ಹಿಂದಿನವರಲ್ಲಿ ಜೂನ್ 1ರಂದು ಹುಟ್ಟಿದವರು ಅಷ್ಟೊಂದು ಜನ ಇರುವುದಕ್ಕೆ ಕಾರಣ ಆ ದಿನದ ಮಹಿಮೆಯಲ್ಲ. ಮಗುವನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳಲು ವಯಸ್ಸು ಸರಿಹೋಗುವಂತೆ ಮೇಷ್ಟ್ರೇ ದಿನಾಂಕ ಬರೆದುಕೊಳ್ಳುತ್ತಿದ್ದರು. ಅಂಥ ಕಡೆ ದಿನಾಂಕವನ್ನು ಮಾತ್ರವಲ್ಲ, ಇಸವಿಯನ್ನೂ ಒಂದೆರಡು ವರ್ಷ ಆಚೆ ಈಚೆ ಇರಬಹುದೆಂದು ತಿಳಿದು ‘ಸುಮಾರು’ ಎಂದು ಬರೆಯಬೇಕು. ಏನೂ ಇಲ್ಲದ ಕಡೆ ಒಂದೇ ಇಸವಿಯನ್ನು ಊಹಿಸುವ ಬದಲು ಎರಡು ಇಸವಿಗಳ ನಡುವಿನ ಅವಧಿಯನ್ನು ಬರೆಯಿರಿ. ಮೇಲಿನ ಕೋಷ್ಟಕದ ಎರಡನೇ ಸಾಲನ್ನೇ ತೆಗೆದುಕೊಂಡರೆ, ಕಾಗದವೇ ಇಲ್ಲವೆಂದು ಇಟ್ಟುಕೊಂಡರೂ ಲೆಕ್ಕ ಮಾಡಬಹುದು. ಚಾಮರಾಜೇಂದ್ರರು 1863ರಲ್ಲಿ ಹುಟ್ಟಿದ ಮೂರನೇ ಮಗ. ಮೂರನೇ ಮಗ ಹುಟ್ಟುವಾಗ ತಾಯಿಗೆ ಹದಿನೆಂಟಾದರೂ ಆಗಿರಬೇಕು, ನಲವತ್ತೆಂಟು ದಾಟಿರಲಿಕ್ಕಿಲ್ಲ ಎಂದು ಹಿಡಿದರೆ ಆಕೆ ಹುಟ್ಟಿದ್ದು 1815 ಮತ್ತು 1845ರ ನಡುವೆ. ಅವಧಿ ದೊಡ್ಡದೇ, ಆದರೆ ಸುಳ್ಳಲ್ಲ. ಮುಂದೆ ಆಕೆಯ ಒಡಹುಟ್ಟಿದವರ ಅಥವಾ ಮೊದಲ ಮಗನ ವರ್ಷ ಸಿಕ್ಕಿದರೆ ಅದು ತಾನಾಗಿ ಚಿಕ್ಕದಾಗುತ್ತದೆ.

ವರ್ಷಗಳನ್ನು ತುಂಬಿದ ಮೇಲೆ ಹೆತ್ತವರ ಮತ್ತು ಮಕ್ಕಳ ವಯಸ್ಸಿನ ಅಂತರವನ್ನು ಒಮ್ಮೆ ನೋಡಿ. ತಾಯಿಗೂ ಮಗುವಿಗೂ ಹದಿಮೂರಕ್ಕಿಂತ ಕಡಿಮೆ ಅಥವಾ ಐವತ್ತಕ್ಕಿಂತ ಹೆಚ್ಚು ಅಂತರ ಬಂದರೆ ಒಂದೋ ಇಸವಿ ತಪ್ಪು, ಇಲ್ಲವೇ ನಡುವೆ ಒಂದು ತಲೆಮಾರು ಬಿಟ್ಟುಹೋಗಿದೆ, ಇಲ್ಲವೇ ಅದು ಹೆತ್ತ ಸಂಬಂಧವಲ್ಲ. ಮುಮ್ಮಡಿಯವರ ಮಗ ಚಾಮರಾಜೇಂದ್ರ ಎಂದಷ್ಟೇ ಬರೆದಿದ್ದರೆ ತಂದೆ ಮಕ್ಕಳ ನಡುವೆ 69 ವರ್ಷಗಳ ಅಂತರ ಬರುತ್ತದೆ, ದತ್ತು ಎಂದು ಯಾರೂ ಹೇಳದಿದ್ದರೂ ನೋಡಿದ ಕೂಡಲೇ ಅನುಮಾನ ಹುಟ್ಟುತ್ತದೆ. ಆದರೆ ಈ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಶ್ರೀಕಂಠದತ್ತರಿಗೂ ಯದುವೀರರಿಗೂ ಇರುವ ಅಂತರ 39 ವರ್ಷ. ಅದು ಯಾವ ತಂದೆ ಮಗನಿಗೂ ಒಪ್ಪುವ ಅಂತರ, ಅಲ್ಲಿ ದತ್ತು ಅಡಗಿದೆ ಎಂದು ಅಂಕಿಗಳಿಂದ ಗೊತ್ತಾಗುವುದಿಲ್ಲ. ನಿಮ್ಮ ಅಜ್ಜನ ವಿಷಯದಲ್ಲಿ ಮನೆಯವರಿಗೆ ನೆನಪಿದೆ, ಆದ್ದರಿಂದ ಇಂದೇ ಬರೆದಿಡಿ. ಇನ್ನೆರಡು ತಲೆಮಾರು ಕಳೆದರೆ ಬರೀ ಇಸವಿಗಳಿಂದ ಅದನ್ನು ಕಂಡುಹಿಡಿಯಲು ಆಗದೇ ಹೋಗಬಹುದು.

ಮೂಲ ಊರಿಗೆ ಒಂದು ಕಾಲಂ ಸಾಲದು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ವಾಡಿಕೆಯಾದ್ದರಿಂದ ಹಿರಿಯ ಮಕ್ಕಳ ಹುಟ್ಟೂರು ಹೆಚ್ಚಾಗಿ ತಾಯಿಯ ಊರೇ ಆಗಿರುತ್ತದೆ, ಕಿರಿಯರದು ತಂದೆಯ ಊರಾಗಿರುತ್ತದೆ. ಒಂದೇ ಕಾಲಂ ಇಟ್ಟುಕೊಂಡರೆ ಅಣ್ಣ ಒಂದೂರಿನವನು, ತಮ್ಮ ಇನ್ನೊಂದೂರಿನವನು ಎಂದಾಗಿ, ಮನೆತನವೇ ವಲಸೆ ಹೋಯಿತೇನೋ ಎಂಬ ತಪ್ಪು ಕಲ್ಪನೆ ಬರುತ್ತದೆ. ‘ಹುಟ್ಟಿದ ಊರು’ ಪ್ರತಿಯೊಬ್ಬರಿಗೂ ಬೇರೆ ಬೇರೆ; ‘ಮನೆತನದ ಮೂಲ ಊರು’ ಒಂದು ಶಾಖೆಗೆಲ್ಲ ಒಂದೇ. ಸರ್ ಎಂ. ವಿಶ್ವೇಶ್ವರಯ್ಯನವರ ಉದಾಹರಣೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಅವರ ಹೆಸರಿನ ಮೊದಲಿರುವ ‘ಎಂ’ ಎಂದರೆ ಮೋಕ್ಷಗುಂಡಂ, ಅದು ಇಂದಿನ ಆಂಧ್ರಪ್ರದೇಶದ ಊರು, ಅವರ ಪೂರ್ವಿಕರು ಅಲ್ಲಿಂದ ಬಂದವರು. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಮೂಲ ಊರಿನ ಕಾಲಮಿನಲ್ಲಿ ಮೋಕ್ಷಗುಂಡಂ, ಹುಟ್ಟಿದ ಊರಿನ ಕಾಲಮಿನಲ್ಲಿ ಮುದ್ದೇನಹಳ್ಳಿ. ಹಳೇ ಮೈಸೂರಿನ ಕಡೆಯವರ ಹೆಸರಿನ ಹಿಂದಿರುವ ಮೊದಲ ಅಕ್ಷರವೂ, ಉತ್ತರ ಕರ್ನಾಟಕದ ಅನೇಕ ಅಡ್ಡಹೆಸರುಗಳೂ ಹೀಗೆ ಈಗ ಮನೆಯವರು ಯಾರೂ ವಾಸವಿಲ್ಲದ ಹಿಂದಿನ ಊರಿನ ಗುರುತನ್ನು ಉಳಿಸಿಕೊಂಡಿರುತ್ತವೆ.

ಊರಿನ ಹೆಸರಿನೊಡನೆ ತಾಲ್ಲೂಕನ್ನೂ ಜಿಲ್ಲೆಯನ್ನೂ ಬರೆಯದಿದ್ದರೆ ಪ್ರಯೋಜನವಿಲ್ಲ, ಏಕೆಂದರೆ ಹೊಸಹಳ್ಳಿ, ಹೊಸೂರು ಎಂಬ ಊರುಗಳು ಎಲ್ಲ ಕಡೆ ಇವೆ. ಜಿಲ್ಲೆಯನ್ನು ಈಗಿನ ಹೆಸರಿನಲ್ಲೇ ಬರೆಯಿರಿ, ಹಳೆಯ ಕಾಗದದಲ್ಲಿ ಬೇರೆ ಇದ್ದರೆ ಪಕ್ಕದಲ್ಲಿ ಸೂಚಿಸಿ. ಮುದ್ದೇನಹಳ್ಳಿ 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಮುಮ್ಮಡಿಯವರು ಹುಟ್ಟಿದ ಶ್ರೀರಂಗಪಟ್ಟಣ 1939ರಲ್ಲಿ ಮಂಡ್ಯ ಜಿಲ್ಲೆ ಆಗುವವರೆಗೆ ಮೈಸೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ, ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ಉಡುಪಿ, ಚಾಮರಾಜನಗರಗಳು ಜಿಲ್ಲೆಗಳಾದಾಗ ಎಷ್ಟೋ ಮನೆಗಳ ಊರು ಅಲ್ಲೇ ಇದ್ದು ಜಿಲ್ಲೆ ಮಾತ್ರ ಬದಲಾಯಿತು. ಒಬ್ಬರ ಸಾಲಿನಲ್ಲಿ ಧಾರವಾಡ ಜಿಲ್ಲೆ, ಅವರ ಮಗನ ಸಾಲಿನಲ್ಲಿ ಹಾವೇರಿ ಜಿಲ್ಲೆ ಎಂದು ಕಂಡರೆ ವಲಸೆ ಎಂದುಕೊಳ್ಳುವ ಮೊದಲು ಊರು ಒಂದೇ ಇರಬಹುದೇ ಎಂದು ನೋಡಬೇಕು. ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಲ್ಲಿಯೋ ಆಲಮಟ್ಟಿಯ ಹಿನ್ನೀರಿನಲ್ಲಿಯೋ ಮುಳುಗಿದ ಊರಾಗಿದ್ದರೆ ಮುಳುಗಿದ ಊರಿನ ಹೆಸರನ್ನೇ ಮೂಲ ಊರಾಗಿ ಬರೆದು, ಪುನರ್ವಸತಿಯ ಊರನ್ನು ವಾಸದ ಊರಾಗಿ ಬರೆಯಿರಿ.

ಇಷ್ಟೆಲ್ಲ ಮಾಡಿದ ಮೇಲೆ ‘ಆಧಾರ’ ಎಂಬ ಒಂದು ಕಾಲಂ ಇಲ್ಲದಿದ್ದರೆ ಕೋಷ್ಟಕ ಅರ್ಧ ಕೆಲಸಕ್ಕೆ ಬಾರದು. ಜಾತಕ, ಶಾಲೆಯ ದಾಖಲೆ, ದತ್ತಕ ಪತ್ರ, ದೊಡ್ಡಮ್ಮ ಹೇಳಿದ್ದು, ಹೀಗೆ ಎರಡು ಮಾತು ಸಾಕು. ಎರಡು ಆಧಾರಗಳು ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ಬರೆದಿಡಿ, ಒಂದನ್ನು ಅಳಿಸಬೇಡಿ. ನಾಡಕಚೇರಿಯಿಂದ ಪೌತಿ ಖಾತೆಗಾಗಿ ಪಡೆಯುವ ವಂಶವೃಕ್ಷದ ದೃಢೀಕರಣ ಪತ್ರ ಮನೆಯಲ್ಲಿದ್ದರೆ ಅದನ್ನು ಆಧಾರವಾಗಿ ಬಳಸಬಹುದು, ಆದರೆ ಅದನ್ನು ಮಾಡಿಸಿದ್ದು ವಾರಸುದಾರರನ್ನು ತೋರಿಸುವುದಕ್ಕಾಗಿ. ಚಿಕ್ಕಂದಿನಲ್ಲೇ ತೀರಿಕೊಂಡವರೂ ಮಕ್ಕಳಿಲ್ಲದವರೂ ಅದರಲ್ಲಿ ಇರುವುದು ಅಪರೂಪ.

ನೀವು ಉತ್ತರ ಕರ್ನಾಟಕದ ಕಡೆಯವರಾಗಿದ್ದರೆ, ಸುಗ್ಗಿಯ ನಂತರ ಊರಿಗೆ ಬರುವ ಹೆಳವರನ್ನು ಕೇಳದೆ ಕೋಷ್ಟಕವನ್ನು ಮುಗಿಸಬೇಡಿ. ಒಕ್ಕಲು ಮನೆತನಗಳ ವಂಶವನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದವರು ಅವರು, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಕಾಳುಕಡಿ ಪಡೆದು ಹೋಗುತ್ತಾರೆ. ಮನೆತನ ಯಾವ ಊರಿನಿಂದ ಹೊರಟು ಯಾವ ಯಾವ ಊರು ದಾಟಿ ಇಲ್ಲಿಗೆ ಬಂತು ಎಂಬುದನ್ನು ಅವರಷ್ಟು ವಿವರವಾಗಿ ಹೇಳುವವರು ಸಿಗುವುದು ಕಷ್ಟ, ನಿಮ್ಮ ಮೂಲ ಊರಿನ ಕಾಲಮಿಗೆ ಅವರ ಮಾತು ಒಳ್ಳೆಯ ಆಧಾರ. ಆದರೆ ಅವರು ಹೇಳುವುದು ಮುಖ್ಯವಾಗಿ ಗಂಡುಮಕ್ಕಳ ಸಾಲನ್ನು, ಇಸವಿಯನ್ನು ಅವರಿಂದ ನಿರೀಕ್ಷಿಸುವಂತಿಲ್ಲ. ಅವರು ಹೆಸರುಗಳನ್ನು ಹೇಳುತ್ತಾ ಹೋಗುವಾಗ ನಡುನಡುವೆ ನಿಲ್ಲಿಸಿ, ಇವರು ಹುಟ್ಟಿದ ಮಗನೋ ದತ್ತು ಬಂದ ಮಗನೋ, ದತ್ತು ಬಂದಿದ್ದರೆ ಯಾವ ಮಗಳ ಮನೆಯಿಂದ ಎಂಬುದನ್ನು ಕೇಳಿ ಬರೆದುಕೊಳ್ಳಿ.